ಕಂಟ್ರಾಕ್ಟರ್ ಜೊತೆ ವಾಟ್ಸಾಪ್‌ನಲ್ಲಿ ‘ಎಲ್ಲಾ ಸೇರಿ, ಓಕೆ’ ಅಂದು ಸುಮ್ಮನಾಗಬೇಡಿ: 7 ಲಕ್ಷದ ಜಗಳ ಶುರುವಾಗಿದ್ದು ಅಲ್ಲಿಂದಲೇ

ಮನೆ ಕಟ್ಟಿಸುತ್ತಿರುವವರು, ಕಟ್ಟಿಸಲು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬೆಂಗಳೂರಿನ 30×40 ಸೈಟಿನಲ್ಲಿ ನೆಲಮಹಡಿ ಮತ್ತು ಮೊದಲ ಮಹಡಿ ಕಟ್ಟಿಸಿದ ಒಂದು ಕುಟುಂಬದ ವ್ಯವಹಾರ ಇದು. ರೇಟು ಫೋನಿನಲ್ಲಿ ಮಾತಾಯಿತು. ಅದನ್ನು ಖಾತ್ರಿ ಮಾಡಿದ್ದು ಈ ಎರಡು ಸಾಲು:

“ಸರ್ ಫೋನಲ್ಲಿ ಮಾತಾಡಿದ ಹಾಗೆ ಚದರಕ್ಕೆ 2 ಲಕ್ಷ, ಎಲ್ಲಾ ಸೇರಿ. ಕಿಟಕಿಗೆ ಗ್ರಿಲ್ ಹಾಕ್ಸೋಣ. ಯುಗಾದಿ ಹೊತ್ತಿಗೆ ಕೊಟ್ಬಿಡ್ತೀನಿ.”
“ಓಕೆ ಸರ್ 👍”

ಒಂದೊಂದು ಮಹಡಿ 900 ಚದರ ಅಡಿ, ನೂರು ಚದರ ಅಡಿಗೆ ಒಂದು ಚದರ. ಅಂದರೆ ಒಟ್ಟು 18 ಚದರ, 36 ಲಕ್ಷ ಎಂದು ಮಾಲೀಕರ ಲೆಕ್ಕ. ಕೊನೆಯ ಬಿಲ್ಲಿನಲ್ಲಿ ಇದ್ದದ್ದು 21.5 ಚದರ, 43 ಲಕ್ಷ. ಎರಡು ಬಾಲ್ಕನಿ 120 ಚದರ ಅಡಿ, ಪೋರ್ಟಿಕೊ 130, ತಾರಸಿಯ ಮೇಲಿನ ಮೆಟ್ಟಿಲ ಕೋಣೆ 100. ಈ 350 ಚದರ ಅಡಿಯೇ ಏಳು ಲಕ್ಷ. ಅದರ ಮೇಲೆ 8,000 ಲೀಟರಿನ ಸಂಪಿಗೆ ಲೀಟರಿಗೆ 22 ರೂಪಾಯಿಯಂತೆ ₹1,76,000 ಬೇರೆ.

ಕಂಟ್ರಾಕ್ಟರ್ ಮೋಸ ಮಾಡಿದರು ಅಂತ ಹೇಳಿಬಿಡುವುದು ಸುಲಭ. ಆದರೆ ಮೌಲ್ಡ್ ಬಿದ್ದ ಜಾಗವನ್ನೆಲ್ಲ ಅಳೆಯುವವರಿದ್ದಾರೆ, ಬಾಲ್ಕನಿಯನ್ನು ಅರ್ಧಕ್ಕೆ ಹಿಡಿಯುವವರಿದ್ದಾರೆ, ಸಂಪನ್ನು ಲೀಟರ್ ಲೆಕ್ಕದಲ್ಲಿ ಬೇರೆ ಹಾಕುವುದೂ ರೂಢಿಯಲ್ಲಿದೆ. ‘ಎಲ್ಲಾ ಸೇರಿ’ ಅನ್ನುವ ಮಾತಿನಲ್ಲಿ ಇದ್ಯಾವುದಕ್ಕೂ ಉತ್ತರ ಇರಲಿಲ್ಲ. ಮಾಲೀಕರ ಪ್ರಕಾರ ‘ಎಲ್ಲಾ’ ಅಂದರೆ ಇಡೀ ಮನೆ. ಕಂಟ್ರಾಕ್ಟರ್ ಪ್ರಕಾರ ಮೆಟೀರಿಯಲ್ ಮತ್ತು ಲೇಬರ್, ಎರಡೂ ಸೇರಿ ಅಂತ. ಬಾಯಿಮಾತಿನ ಒಪ್ಪಂದಕ್ಕೂ ನಮ್ಮ ಕಾನೂನಿನಲ್ಲಿ ಬೆಲೆ ಇದೆ, ವಾಟ್ಸಾಪಿನಲ್ಲಿ ಆದದ್ದಕ್ಕೂ ಇದೆ. ಆದರೆ ಅರ್ಥವೇ ನಿಖರವಾಗಿಲ್ಲದ, ನಿಖರಪಡಿಸಲು ಸಾಧ್ಯವೂ ಇಲ್ಲದ ಒಪ್ಪಂದ ನಿಲ್ಲುವುದಿಲ್ಲ ಎನ್ನುತ್ತದೆ 1872ರ ಕರಾರು ಕಾಯ್ದೆಯ 29ನೇ ಕಲಂ.

ನಮ್ಮ ಆಡುಮಾತಿನಲ್ಲೇ ಇನ್ನೊಂದು ಅಪಾಯ ಅಡಗಿದೆ. ‘ಹಾಕ್ಸೋಣ’, ‘ಮಾಡ್ಸೋಣ’, ‘ನೋಡ್ಕೊಳ್ಳೋಣ’ ಅನ್ನುವ ಕ್ರಿಯಾಪದಗಳಲ್ಲಿ ಮಾಡುವವರು ಯಾರು, ದುಡ್ಡು ಕೊಡುವವರು ಯಾರು ಎಂಬುದೇ ಇಲ್ಲ. ‘ಗ್ರಿಲ್ ಹಾಕ್ಸೋಣ’ ಎಂದದ್ದನ್ನು ಮಾಲೀಕರು ರೇಟಿನೊಳಗೆ ಎಂದುಕೊಂಡರು, ಕಂಟ್ರಾಕ್ಟರ್ ಎಕ್ಸ್‌ಟ್ರಾ ಎಂದು ಬರೆದುಕೊಂಡರು. ‘ಹಾಕಿಸ್ಕೊಡ್ತೀನಿ’ ಎಂದಿದ್ದರೂ ಖರ್ಚು ಯಾರದೆಂದು ತೀರ್ಮಾನ ಆಗುತ್ತಿರಲಿಲ್ಲ. ಮಾತನ್ನು ಬರಹಕ್ಕೆ ಇಳಿಸುವಾಗ ಮೊದಲ ಕೆಲಸ ಇಂಥ ಪ್ರತಿ ಕ್ರಿಯಾಪದಕ್ಕೂ ಕರ್ತೃ ಸೇರಿಸುವುದು: ‘ನೀವು ಹಾಕುತ್ತೀರಿ, ಖರ್ಚು ಚದರದ ರೇಟಿನಲ್ಲೇ ಸೇರಿದೆ.’

ಎರಡನೆಯದು, ಕಾಲ. ‘ಯುಗಾದಿ ಹೊತ್ತಿಗೆ’ ಅಂದರೆ ಯಾವ ದಿನ, ‘ಕೊಡುವುದು’ ಅಂದರೆ ಯಾವ ಸ್ಥಿತಿಯಲ್ಲಿ? ಪೇಂಟ್ ಮುಗಿಯದ, ಕರೆಂಟ್ ಬಾರದ ಮನೆಯಲ್ಲೂ ಹಾಲು ಉಕ್ಕಿಸಿ ಗೃಹಪ್ರವೇಶ ಮುಗಿಸಬಹುದು. ತಾರೀಖಿನ ಜೊತೆಗೆ, ಆ ದಿನ ಏನೇನು ಬಳಸುವ ಸ್ಥಿತಿಯಲ್ಲಿರಬೇಕು ಎಂದೂ ಬರೆಯಬೇಕು.

ಹಾಗಾದರೆ ಅದೇ ಫೋನ್ ಮಾತು ಹೇಗೆ ದಾಖಲಾಗಬೇಕಿತ್ತು? ಕರೆ ಮುಗಿದ ದಿನವೇ ಒಂದೇ ಮೆಸೇಜಿನಲ್ಲಿ, ಹೀಗೆ:

> ನಮಸ್ಕಾರ ಸರ್. ಇವತ್ತು ಸಂಜೆ ಫೋನಿನಲ್ಲಿ ಮಾತಾಡಿ ಒಪ್ಪಿದ್ದು:
> 1. ರೇಟು ಚದರಕ್ಕೆ (100 ಚದರ ಅಡಿ) ₹2,00,000. ಮೆಟೀರಿಯಲ್, ಲೇಬರ್ ಎರಡೂ ಸೇರಿ.
> 2. ಕಿಟಕಿ 7ಕ್ಕೂ 12 ಎಂಎಂ ಚೌಕ ಕಂಬಿಯ ಗ್ರಿಲ್ ನೀವು ಹಾಕುತ್ತೀರಿ. ಖರ್ಚು ಮೇಲಿನ ರೇಟಿನಲ್ಲೇ ಸೇರಿದೆ.
> 3. ಮಾರ್ಚ್ 10ರೊಳಗೆ ಮನೆ ಕೊಡುತ್ತೀರಿ. ಅಂದು ಕರೆಂಟ್, ನೀರು, ಬಾಗಿಲು, ಬಾತ್‌ರೂಮ್ ಎಲ್ಲಾ ಬಳಸುವ ಸ್ಥಿತಿಯಲ್ಲಿರಬೇಕು, ಒಳಗಿನ ಪೇಂಟ್ ಮುಗಿದಿರಬೇಕು.
>
> ಫೋನಿನಲ್ಲಿ ಮಾತಾಡದೆ ಉಳಿದದ್ದು, ನನ್ನ ಪ್ರಸ್ತಾಪ:
> 4. ಅಳತೆ ಹೊರಗೋಡೆಯ ಹೊರ ಅಂಚಿನಿಂದ. ಎರಡು ಮಹಡಿ ಸೇರಿ 18 ಚದರ. ಬಾಲ್ಕನಿ, ಪೋರ್ಟಿಕೊ, ಮೆಟ್ಟಿಲ ಕೋಣೆ ಅರ್ಧ ಲೆಕ್ಕ.
> 5. 8,000 ಲೀಟರ್ ಸಂಪು ರೇಟಿನೊಳಗೋ, ಬೇರೆಯೋ? ಬೇರೆಯಾದರೆ ಲೀಟರಿಗೆ ಎಷ್ಟು?
> 6. ಎಕ್ಸ್‌ಟ್ರಾ ಕೆಲಸಕ್ಕೆ ಮೊದಲು ಮೊತ್ತ ಇಲ್ಲಿ ಬರೆದು, ನಾನು ಒಪ್ಪಿದ ಮೇಲೆ ಶುರು.
>
> ಒಂದರಿಂದ ಮೂರು ಸರಿ ಇದ್ದರೆ ‘1, 2, 3 ಒಪ್ಪಿದ್ದೇನೆ’ ಎಂದು ಬರೆಯಿರಿ. ಉಳಿದದ್ದಕ್ಕೆ ನಿಮ್ಮ ಉತ್ತರ ತಿಳಿಸಿ.

ಈ ಮೆಸೇಜಿನಲ್ಲಿ ಅತಿ ಮುಖ್ಯವಾದದ್ದು ನಡುವಿನ ‘ಫೋನಿನಲ್ಲಿ ಮಾತಾಡದೆ ಉಳಿದದ್ದು’ ಎಂಬ ಸಾಲು. ಆಡಿದ ಮಾತನ್ನು ಬರೆಯುವ ನೆಪದಲ್ಲಿ ಆಡದ ಷರತ್ತನ್ನು ತುರುಕಿದರೆ ‘ಇದನ್ನು ನಾನು ಹೇಳೇ ಇಲ್ಲ’ ಎಂದು ಕಂಟ್ರಾಕ್ಟರ್ ಇಡೀ ಮೆಸೇಜನ್ನೇ ಅಲ್ಲಗಳೆಯಬಹುದು. ಒಪ್ಪಿದ್ದು ಬೇರೆ, ಕೇಳುತ್ತಿರುವುದು ಬೇರೆ ಎಂದು ಇಟ್ಟರೆ ಮೇಲಿನ ಭಾಗ ಗಟ್ಟಿಯಾಗಿ ನಿಲ್ಲುತ್ತದೆ. ಅರ್ಧ ಲೆಕ್ಕ ಹಿಡಿದಿದ್ದರೆ ಆ 350 ಅಡಿ 175 ಆಗಿ, ಏಳರ ಬದಲು ಮೂರೂವರೆ ಲಕ್ಷದಲ್ಲಿ ಮುಗಿಯುತ್ತಿತ್ತು. ಪೂರ್ತಿ ಲೆಕ್ಕವೇ ಬೇಕೆಂದು ಅವರು ಪಟ್ಟು ಹಿಡಿದಿದ್ದರೂ ಪಾಯ ತೆಗೆಯುವ ಮೊದಲೇ ಗೊತ್ತಾಗುತ್ತಿತ್ತು, ಬೇರೆಯವರನ್ನು ನೋಡಿಕೊಳ್ಳಬಹುದಿತ್ತು.

ಉತ್ತರವನ್ನು ಅಕ್ಷರದಲ್ಲೇ ಕೇಳಿ. ಮೆಸೇಜಿಗೆ ಹಾಕಿದ 👍 ಗುರುತನ್ನು ಯಾವಾಗ ಬೇಕಾದರೂ ತೆಗೆಯಬಹುದು, ಬದಲಿಸಬಹುದು. ಆರು ಅಂಶಕ್ಕೆ ಒಂದು ‘ಓಕೆ’ ಬಂದರೆ ಅದು ಯಾವುದಕ್ಕೆ ಎಂಬ ಪ್ರಶ್ನೆ ಉಳಿಯುತ್ತದೆ. ‘ಉತ್ತರ ಬಾರದಿದ್ದರೆ ಒಪ್ಪಿದಂತೆ’ ಎಂದು ನೀವೇ ಬರೆದುಕೊಂಡರೂ ಮೌನ ಒಪ್ಪಿಗೆ ಆಗಿಬಿಡುವುದಿಲ್ಲ. ಉತ್ತರ ವಾಯ್ಸ್ ಮೆಸೇಜಿನಲ್ಲಿ ಬಂದರೆ ಅದರ ಸಾರವನ್ನು ಬರೆದು ಕಳಿಸಿ ಮತ್ತೆ ಒಪ್ಪಿಸಿ. ಇನ್ನೊಂದು ವಿಷಯ ಹಲವರು ಗಮನಿಸುವುದೇ ಇಲ್ಲ: ಒಪ್ಪಿಗೆ ಕಂಟ್ರಾಕ್ಟರ್ ಸ್ವಂತ ನಂಬರಿನಿಂದ ಬರಬೇಕು. ಸೂಪರ್‌ವೈಸರ್ ಅಥವಾ ಮೇಸ್ತ್ರಿ ‘ಆಯ್ತು ಸರ್’ ಎಂದರೆ ‘ಅವನಿಗೆ ಆ ಅಧಿಕಾರ ಇರಲಿಲ್ಲ’ ಎನ್ನಲು ದಾರಿ ತೆರೆದೇ ಇರುತ್ತದೆ.

ತಡವಾದರೆ ದಂಡ ಎಂದು ಬರೆಯುವವರು ಬಾಯಿಗೆ ಬಂದ ಮೊತ್ತ ಬರೆಯಬೇಡಿ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಸಿಗುವುದು ಸಮಂಜಸ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಗರಿಷ್ಠ ಮಿತಿ. ತಿಂಗಳಿಗೆ 18,000 ಬಾಡಿಗೆ ಕಟ್ಟುತ್ತಿದ್ದರೆ ‘ತಡವಾದ ದಿನಕ್ಕೆ ₹600, ನಾನು ಕಟ್ಟುವ ಬಾಡಿಗೆ’ ಎಂದು ಕಾರಣದೊಂದಿಗೆ ಬರೆಯಿರಿ.

ಉತ್ತರ ಬರುವ ಮೊದಲು ಅಡ್ವಾನ್ಸ್ ಹಾಕಬೇಡಿ. ಆ ಕುಟುಂಬ ಮಾರನೇ ಬೆಳಿಗ್ಗೆಯೇ ಮೂರು ಲಕ್ಷ ಕಳಿಸಿತ್ತು. ಆಮೇಲೆ ಕೇಳಿದ ಯಾವ ಪ್ರಶ್ನೆಗೂ ನೇರ ಉತ್ತರ ಬರಲಿಲ್ಲ. ಪ್ರತಿ ಕಂತಿನ ಯುಪಿಐ ನೋಟ್‌ನಲ್ಲಿ ‘ಪ್ಲಿಂತ್ ಹಂತ’, ‘ಮೊದಲ ಮೌಲ್ಡ್’ ಎಂದು ಬರೆಯುವುದೂ ದಾಖಲೆಯೇ. ಇಷ್ಟು ದೊಡ್ಡ ಕೆಲಸಕ್ಕೆ ಕೊನೆಗೆ ಇಬ್ಬರೂ ಸಹಿ ಹಾಕಿದ ಕರಾರು ಪತ್ರ ಬೇಕೇ ಬೇಕು. ಈ ಅಂಶಗಳನ್ನೇ ಅದಕ್ಕೆ ಇಳಿಸಿ, ಒಂದನ್ನೂ ಬಿಡದೆ. ಯಾಕೆಂದರೆ ಷರತ್ತುಗಳು ಕರಾರಿನ ರೂಪದಲ್ಲಿ ಬರಹಕ್ಕೆ ಇಳಿದ ಮೇಲೆ ಅದಕ್ಕೆ ವಿರುದ್ಧವಾದ ಹಳೆಯ ಬಾಯಿಮಾತನ್ನು ಸಾಕ್ಷ್ಯವಾಗಿ ತರುವುದು ಬಹಳ ಕಷ್ಟ.

ಈಗಾಗಲೇ ಜಗಳ ಎದ್ದಿದ್ದರೆ ಸ್ಕ್ರೀನ್‌ಶಾಟ್ ನಂಬಿ ಕೂರಬೇಡಿ. ವಾಟ್ಸಾಪ್ ಮೆಸೇಜನ್ನು ಕಳಿಸಿದ 15 ನಿಮಿಷದೊಳಗೆ ತಿದ್ದಬಹುದು, ಅದರ ಬಳಿಕವೂ ಸ್ವಲ್ಪ ಕಾಲ ಎಲ್ಲರಿಗೂ ಕಾಣದಂತೆ ಅಳಿಸಬಹುದು. ತಾನಾಗಿ ಮಾಯವಾಗುವ ಮೆಸೇಜುಗಳ ಸೆಟ್ಟಿಂಗ್ ಆ ಚಾಟ್‌ನಲ್ಲಿ ಆನ್ ಆಗಿದೆಯೇ ಎಂದು ಈಗಲೇ ನೋಡಿ, ಆಗಿದ್ದರೆ ಆಫ್ ಮಾಡಿ. ಇಡೀ ಚಾಟನ್ನು ಫೋಟೋ, ಆಡಿಯೊ ಸಮೇತ ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಇಮೇಲಿಗೆ ಕಳಿಸಿಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಪ್ರಮಾಣಪತ್ರ ಲಗತ್ತಿಸಬೇಕು, ಯಾವ ಸಾಧನದಿಂದ ತೆಗೆದದ್ದು ಎಂಬ ವಿವರ ಅದರಲ್ಲಿರಬೇಕು. ಹಾಗಾಗಿ ಆ ಚಾಟ್ ಇರುವ ಫೋನನ್ನು ಎಕ್ಸ್‌ಚೇಂಜ್ ಆಫರಿಗೆ ಕೊಡಬೇಡಿ, ರೀಸೆಟ್ ಮಾಡಬೇಡಿ. ವ್ಯವಹಾರ ತೀರುವವರೆಗೆ ಬೀರುವಿನಲ್ಲಿ ತೆಗೆದಿಡಿ.