ಅಡಾಪ್ಟರ್ ಇಲ್ಲದ ಯುಎಸ್‌ಬಿ ಹಬ್‌ಗೆ ಹಾರ್ಡ್‌ಡಿಸ್ಕ್ ಹಾಕಬೇಡಿ

ಹಾಸನದ ಬಿ.ಎಂ. ರಸ್ತೆ ಕಡೆಯ ಒಂದು ಆನ್‌ಲೈನ್ ಸೆಂಟರ್‌ನಲ್ಲಿ ಆದದ್ದು. ಲ್ಯಾಪ್‌ಟಾಪ್‌ನಲ್ಲಿ ಖಾಲಿ ಇದ್ದದ್ದು ಒಂದೇ ಯುಎಸ್‌ಬಿ ಪೋರ್ಟ್. ಅದಕ್ಕೆ ನಾಲ್ಕು ಪೋರ್ಟಿನ ಸಾದಾ ಹಬ್ ಸಿಕ್ಕಿಸಿ ಮೌಸ್, ಥಂಬ್ ಸ್ಕ್ಯಾನರ್, ವೆಬ್‌ಕ್ಯಾಮ್ ಹಾಕಿದ್ದರು. ವೆಬ್‌ಕ್ಯಾಮ್ ಆನ್ ಇರುವಾಗ ಗಿರಾಕಿ ಬೆರಳಿಟ್ಟರೆ ಒಮ್ಮೊಮ್ಮೆ ಸ್ಕ್ಯಾನರ್ ಮಾಯವಾಗಿ ಮತ್ತೆ ಬರುತ್ತಿತ್ತು. ಡ್ರೈವರ್ ಮತ್ತೆ ಹಾಕಿದರು, ಕೊನೆಗೆ ಸ್ಕ್ಯಾನರನ್ನೇ ಹೊಸದು ತಂದರು, ಕಾಟ ಹೋಗಲಿಲ್ಲ. ಒಂದು ಸಂಜೆ ಉಳಿದ ಪೋರ್ಟಿಗೆ ಪೋರ್ಟಬಲ್ ಹಾರ್ಡ್‌ಡಿಸ್ಕ್ ಹಾಕಿ ಬ್ಯಾಕಪ್‌ಗೆ ಬಿಟ್ಟರು. ಕಾಪಿ ಅರ್ಧಕ್ಕೆ ನಿಂತಿತು, ಮೌಸ್ ಸಮೇತ ಎಲ್ಲವೂ ಹೋಗಿ ಬಂದವು, ಡಿಸ್ಕ್ ತೆರೆದರೆ ಫಾರ್ಮ್ಯಾಟ್ ಮಾಡಬೇಕೆಂಬ ಸೂಚನೆ. ನಿಮಗೂ ಅದು ಬಂದರೆ `Cancel` ಒತ್ತಿ. ಫೈಲ್‌ಗಳು ಬಹುಪಾಲು ಒಳಗೇ ಇರುತ್ತವೆ, ಅವುಗಳ ಪಟ್ಟಿ ಮಾತ್ರ ಕೆಟ್ಟಿರುತ್ತದೆ.

ಇಲ್ಲಿ ಕೆಟ್ಟದ್ದು ಸ್ಕ್ಯಾನರೂ ಅಲ್ಲ, ಡಿಸ್ಕೂ ಅಲ್ಲ; ಸಾಲದೇ ಹೋದದ್ದು ಕರೆಂಟು. ನಿಯಮದ ಪ್ರಕಾರ ಯುಎಸ್‌ಬಿ 2.0 ಪೋರ್ಟ್ 5 ವೋಲ್ಟ್‌ನಲ್ಲಿ 500 ಮಿಲಿಆಂಪ್ ಕೊಡುತ್ತದೆ, 3.0 ಆದರೆ 900. ಅಡಾಪ್ಟರ್ ಇಲ್ಲದ ಹಬ್ ಈ ಒಂದೇ ಪಾಲನ್ನು ಎಲ್ಲರಿಗೂ ಹಂಚಬೇಕು, ತನ್ನ ಖರ್ಚನ್ನೂ ಅದರಲ್ಲೇ ತೂಗಿಸಬೇಕು. ಹಾಗಾಗಿಯೇ 2.0 ಸಾದಾ ಹಬ್‌ನಲ್ಲಿ ಒಂದೊಂದು ಪೋರ್ಟಿಗೆ ನಿಯಮ ಇಟ್ಟದ್ದು ಬರೀ 100 ಮಿಲಿಆಂಪ್. ವೆಬ್‌ಕ್ಯಾಮೊಂದೇ ಸುಮಾರು 200 ಎಳೆಯಬಹುದು. ಸ್ಕ್ಯಾನರ್ ದೀಪ ಹತ್ತಿಸಿದಾಗ ಇನ್ನೂ ನೂರು, ನೂರೈವತ್ತು. ತಿರುಗುವ ತಟ್ಟೆಯ ಹಾರ್ಡ್‌ಡಿಸ್ಕ್ ಶುರುವಾಗುವ ಆ ಕೆಲವು ಸೆಕೆಂಡು 800ರ ಆಚೀಚೆ ಕೇಳುತ್ತದೆ.

ಬಹಳಷ್ಟು ಲ್ಯಾಪ್‌ಟಾಪ್‌ಗಳು 500 ದಾಟಿದ ಕೂಡಲೇ ಪೋರ್ಟ್ ಕಡಿಯುವುದಿಲ್ಲ, ಸ್ವಲ್ಪ ಹೆಚ್ಚೇ ಕೊಡುತ್ತವೆ. ಜನ ಮೋಸಹೋಗುವುದು ಇಲ್ಲೇ. ಬೆಳಿಗ್ಗೆ ನಡೆದದ್ದು ಮಧ್ಯಾಹ್ನವೂ ನಡೆಯುತ್ತದೆ ಅಂದುಕೊಳ್ಳುತ್ತಾರೆ. ಆದರೆ ಎರಡು ಸಾಧನ ಒಂದೇ ಕ್ಷಣಕ್ಕೆ ಜೋರಾಗಿ ಎಳೆದಾಗ ಹಬ್‌ನ ಸಪೂರ ವೈರಿನಲ್ಲಿ ವೋಲ್ಟೇಜ್ ಕುಸಿಯುತ್ತದೆ, ಸೂಕ್ಷ್ಮವಾದದ್ದು ಮೊದಲು ರೀಸೆಟ್ ಆಗುತ್ತದೆ. ಇನ್ನೂ ಕುಸಿದರೆ ಹಬ್‌ನ ಚಿಪ್ಪೇ ರೀಸೆಟ್ ಆಗಿ ಮೌಸ್ ಕೂಡ ಹೋಗುತ್ತದೆ.

ಗುರುತು ಹಿಡಿಯುವುದು ಹೀಗೆ. ಕೆಲಸದ ನಡುವೆಯೇ ಕಡಿದರೆ ಕರೆಂಟಿನ ಮೇಲೆ ಅನುಮಾನ ಪಡಿ. ಸುಮ್ಮನೆ ಬಿಟ್ಟಾಗ ಕಡಿದು, ಮುಟ್ಟಿದಾಗ ಬಂದರೆ ಅದು ವಿಂಡೋಸ್‌ನ `USB selective suspend` ಇರಬಹುದು. ಪವರ್ ಸೆಟ್ಟಿಂಗ್‌ನಲ್ಲಿ ಆಫ್ ಮಾಡಿ ನೋಡಿ. ಹಾಗೆಯೇ ತೊಂದರೆ ಕೊಡುವ ಸಾಧನವನ್ನು ನೇರ ಲ್ಯಾಪ್‌ಟಾಪ್‌ಗೆ ಹಾಕಿ ಅರ್ಧ ದಿನ ಓಡಿಸಿ. ಅಲ್ಲಿ ಸರಿಯಿದ್ದರೆ ಸಾಧನಕ್ಕೆ ದುಡ್ಡು ಸುರಿಯಬೇಡಿ. ಲಿನಕ್ಸ್ ಇದ್ದವರು ಇದನ್ನು ಓಡಿಸಿಟ್ಟುಕೊಂಡರೆ ಯಾವುದು ಯಾವಾಗ ಬಿತ್ತೆಂದು `USB disconnect` ಸಾಲಿನಲ್ಲಿ ಕಾಣುತ್ತದೆ:

```
sudo dmesg -w
```

ಪರಿಹಾರ ಅಡಾಪ್ಟರ್ ಸಮೇತ ಬರುವ ಪವರ್ಡ್ ಹಬ್. ಅದು ಗೋಡೆಯಿಂದ ಕರೆಂಟ್ ತಂದುಕೊಳ್ಳುತ್ತದೆ, ಲ್ಯಾಪ್‌ಟಾಪ್‌ನಿಂದ ಡೇಟಾ ಮಾತ್ರ ಸಾಗುತ್ತದೆ. ಕೊಳ್ಳುವಾಗ ಹಬ್‌ನ ಲೈಟು, ಪೋರ್ಟಿಗೊಂದು ಸ್ವಿಚ್ಚು ನೋಡಿ ಮರುಳಾಗಬೇಡಿ, ಅವು ಸಾದಾ ಹಬ್‌ನಲ್ಲೂ ಇರುತ್ತವೆ. ಪಕ್ಕದಲ್ಲಿ ಪವರ್ ತೂತಿದ್ದು ಡಬ್ಬಿಯಲ್ಲಿ ಅಡಾಪ್ಟರ್ ಇಲ್ಲದ ಹಬ್‌ಗಳೂ ಉಂಟು. ಅಡಾಪ್ಟರ್ ಹಾಕುವವರೆಗೆ ಅದೂ ಸಾದಾ ಹಬ್ಬೇ. ಮೇಲಿನ ಸಾಮಾನಿಗೆ ಲೆಕ್ಕ ಹಾಕಿ: ಡಿಸ್ಕ್‌ಗೆ 900, ವೆಬ್‌ಕ್ಯಾಮ್‌ಗೆ 200, ಸ್ಕ್ಯಾನರ್‌ಗೆ 150, ಮೌಸ್‌ಗೆ ಮತ್ತು ಹಬ್‌ಗೆ ಸೇರಿ 200. ಒಟ್ಟು 1450 ಮಿಲಿಆಂಪ್. 5 ವೋಲ್ಟ್ 2 ಆಂಪಿನ ಅಡಾಪ್ಟರ್ ಸಾಕು, ಆದರೆ ಎರಡನೇ ಡಿಸ್ಕ್ ಬಂದರೆ ಸಾಲದು. ಅಡಾಪ್ಟರ್ ಕಳೆದುಹೋದರೆ ಪಿನ್ ಕೂರುತ್ತದೆ ಅಂತ ರೂಟರಿನದ್ದನ್ನು ತಂದು ಚುಚ್ಚಬೇಡಿ. ಅದು ಸಾಮಾನ್ಯವಾಗಿ 12 ವೋಲ್ಟ್. 5 ವೋಲ್ಟಿನ ಹಬ್‌ಗೆ ಹೋದರೆ ಹಬ್ ಜೊತೆ ಅದಕ್ಕೆ ಹಾಕಿದ್ದೆಲ್ಲ ಸುಡಬಹುದು.

ಅಗ್ಗದ ಪವರ್ಡ್ ಹಬ್‌ನಲ್ಲಿ ಇನ್ನೊಂದು ದೋಷವಿದೆ. ಕೆಲವು ತಮ್ಮ 5 ವೋಲ್ಟನ್ನು ಲ್ಯಾಪ್‌ಟಾಪ್ ಕಡೆಗೂ ವಾಪಸ್ ತಳ್ಳುತ್ತವೆ. ಅಡಾಪ್ಟರ್ ಆನ್ ಮಾಡಿ, ಲ್ಯಾಪ್‌ಟಾಪ್ ಕಡೆಯ ತುದಿಯನ್ನು ಬಿಚ್ಚಿ, ಯುಎಸ್‌ಬಿ ಟೆಸ್ಟರ್‌ಗೆ ಹಾಕಿ ನೋಡಿ. ಟೆಸ್ಟರ್ ಹೊತ್ತಿಕೊಂಡರೆ ಹಬ್ ವಾಪಸ್ ಕೊಡಿ.

ಮಲೆನಾಡಿನ ಮಳೆಗಾಲಕ್ಕೆ ಪವರ್ಡ್ ಹಬ್ ಬೇರೊಂದು ಪೇಚು ತರುತ್ತದೆ. ಮೂಡಿಗೆರೆ, ಸಕಲೇಶಪುರ ಕಡೆ ಲೈನ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಲೇ ಇರುತ್ತದೆ, ಗೋಡೆಯ ಅಡಾಪ್ಟರ್ ಸತ್ತಿರುತ್ತದೆ. ಆಗ ಕೆಲವು ಹಬ್ ಪೂರ್ತಿ ನಿಲ್ಲುತ್ತವೆ, ಕೆಲವು ಸದ್ದಿಲ್ಲದೆ ಲ್ಯಾಪ್‌ಟಾಪ್‌ನ ಕರೆಂಟಿಗೇ ಬೀಳುತ್ತವೆ, ಡಿಸ್ಕ್ ಬರೆಯುತ್ತಿದ್ದರೆ ಹಳೆಯ ಗತಿಯೇ. ಹಬ್‌ನ ಅಡಾಪ್ಟರನ್ನು ಯುಪಿಎಸ್‌ಗೆ ಹಾಕಿ. ಮನೆಯ ಇನ್ವರ್ಟರ್ ಲೈನ್ ಆದರೆ ಅದರ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ತಿರುಗಿಸಿ. ನಾರ್ಮಲ್ ಮೋಡ್‌ನಲ್ಲಿ ಲೈನ್ ಬದಲಾಗುವ ತಡಕ್ಕೆ ಸಣ್ಣ ಅಡಾಪ್ಟರ್‌ಗಳು ತಡೆಯದೇ ಹೋಗಬಹುದು. ಎರಡೂ ಇಲ್ಲದ ಕಡೆ ಡಿಸ್ಕ್ ಒಂದನ್ನಾದರೂ ನೇರ ಲ್ಯಾಪ್‌ಟಾಪ್‌ನ 3.0 ಪೋರ್ಟಿಗೆ ಕೊಟ್ಟು, ಉಳಿದದ್ದನ್ನು ಹಬ್‌ಗೆ ಬಿಡಿ.