ಮೂರು ವರ್ಷ ಬಳಸಿದ ಆ್ಯಂಟಿವೈರಸ್: ಸೆಟಪ್ ಅರ್ಧಕ್ಕೇ ನಿಂತರೆ?

ನಮ್ಮದು ಸಣ್ಣ ಡಿಟಿಪಿ ಅಂಗಡಿ. ಮೂರು ವರ್ಷದಿಂದ ದುಡ್ಡು ಕೊಟ್ಟು ಒಂದೇ ಆ್ಯಂಟಿವೈರಸ್ ಬಳಸುತ್ತಿದ್ದೇನೆ. ಗಿರಾಕಿಗಳ ಪೆನ್‌ಡ್ರೈವ್‌ಗಳಲ್ಲಿ ಬರುವ ಕಸವನ್ನು ಚೆನ್ನಾಗಿಯೇ ಹಿಡಿಯುತ್ತದೆ. ನನ್ನ ತಕರಾರು ಒಂದೇ: ಹೊಸ ತಂತ್ರಾಂಶ ಹಾಕುವಾಗ ನಡುವೆ ಕೈ ಹಾಕುತ್ತದೆ.

ಕಳೆದ ತಿಂಗಳು ಕನ್ನಡ ಟೈಪಿಂಗ್ ತಂತ್ರಾಂಶ ಹಾಕುತ್ತಿದ್ದೆ. ಹಸಿರು ಪಟ್ಟಿ ಮುಕ್ಕಾಲು ಓಡಿ ನಿಂತಿತು, ಫೈಲ್ ಸಿಗುತ್ತಿಲ್ಲ ಎಂಬ ಎರರ್ ಬಂತು. ಸೆಟಪ್ ತನ್ನೊಳಗಿನ ಫೈಲುಗಳನ್ನು ಮೊದಲು Temp ಫೋಲ್ಡರಿಗೆ ಬಿಚ್ಚಿಡುತ್ತದೆ; ಗಂಟು ಕಟ್ಟಿದ್ದಾಗ ಆ್ಯಂಟಿವೈರಸ್‌ಗೆ ಕಾಣದ್ದು ಬಿಚ್ಚಿದಾಗ ಕಾಣುತ್ತದೆ. ಅದು ಹಿಡಿದು ಬೇರೆ ಇಟ್ಟ ಫೈಲುಗಳ ಕ್ವಾರಂಟೈನ್ ಪಟ್ಟಿಯಲ್ಲಿ ಇದ್ದದ್ದು ಕೀಬೋರ್ಡಿನ ಒಂದು .dll. ಒತ್ತಿದ ಕೀಲಿಯನ್ನು ದಾರಿಯಲ್ಲೇ ಹಿಡಿದು ಕನ್ನಡ ಅಕ್ಷರ ಮಾಡುವುದು ಅದರ ಕೆಲಸ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಅದೇ ದಾರಿಯಲ್ಲಿ ಕಾಯುತ್ತದೆ! ಆ .dllಗೆ ಆ್ಯಂಟಿವೈರಸ್ ಕೊಟ್ಟಿದ್ದ ಹೆಸರಿನಲ್ಲಿ Heur ಎಂದಿತ್ತು. ಅಂದರೆ ಗೊತ್ತಿರುವ ವೈರಸ್ಸಿಗೆ ತಾಳೆಯಾಗಿಲ್ಲ, ಲಕ್ಷಣ, ನಡವಳಿಕೆ ನೋಡಿ ಅನುಮಾನಪಟ್ಟಿದೆ ಅಷ್ಟೆ.

ಹಿಂದೆಲ್ಲ ಆ್ಯಂಟಿವೈರಸ್ ಆಫ್ ಮಾಡಿ ಹಾಕಿಬಿಡುತ್ತಿದ್ದೆ. ಈ ಸಲ ತಡೆದೆ, ಯಾಕೆಂದರೆ ಆ ಸೆಟಪ್ ಬಂದದ್ದು ಗೆಳೆಯನ ಪೆನ್‌ಡ್ರೈವ್‌ನಿಂದ. ತಯಾರಕರ ಪುಟದಿಂದ ಅದೇ ಆವೃತ್ತಿಯನ್ನು ಇಳಿಸಿಕೊಂಡು, ಎರಡರ ಹ್ಯಾಶ್, ಅಂದರೆ ಫೈಲಿನ ಬೆರಳಚ್ಚು, ಮತ್ತು ತಯಾರಕರ ಡಿಜಿಟಲ್ ಸಹಿ ನೋಡಲು ಪವರ್‌ಶೆಲ್‌ನಲ್ಲಿ ಇದನ್ನು ಓಡಿಸಿದೆ:

```
Get-FileHash .\setup.exe
Get-AuthenticodeSignature .\setup.exe
```

ಎರಡಕ್ಕೂ NotSigned ಬಂತು. ಹಲವು ಸಣ್ಣ ತಂಡಗಳು ಡಿಜಿಟಲ್ ಸಹಿಗೆ ದುಡ್ಡು ಹಾಕುವುದಿಲ್ಲ, ಅದೊಂದರಿಂದಲೇ ಕಳ್ಳಮಾಲು ಎನ್ನಲಾಗದು. HashMismatch ಬಂದಿದ್ದರೆ ಸಹಿ ಹಾಕಿದ ಮೇಲೆ ಫೈಲ್ ಬದಲಾಗಿದೆ ಎಂದರ್ಥ, ಅಲ್ಲೇ ಡಿಲೀಟ್ ಮಾಡುತ್ತಿದ್ದೆ. ಆದರೆ ಒಂದೇ ಆವೃತ್ತಿಯ ಎರಡು ಫೈಲುಗಳ ಹ್ಯಾಶ್ ಬೇರೆ ಬೇರೆ ಇತ್ತು! ಪೆನ್‌ಡ್ರೈವ್‌ನದು ಐದು ಎಂಬಿ ದಪ್ಪ ಬೇರೆ.

ಹ್ಯಾಶ್‌ಗಳನ್ನು, ಹಲವು ಆ್ಯಂಟಿವೈರಸ್ ಎಂಜಿನ್‌ಗಳ ತೀರ್ಪನ್ನು ಒಟ್ಟಿಗೆ ತೋರಿಸುವ ವೈರಸ್‌ಟೋಟಲ್ ತಾಣದಲ್ಲಿ ಹುಡುಕಿದೆ. ಫೈಲನ್ನೇ ಅಪ್‌ಲೋಡ್ ಮಾಡಿದರೆ ಅದು ಬೇರೆಯವರ ಕೈಗೂ ಸಿಗಬಹುದು, ಹಾಗಾಗಿ ಮೊದಲು ಹ್ಯಾಶ್ ಹಾಕುವುದೇ ಮೇಲು. ಮೂಲ ಪುಟದ್ದನ್ನು ಮೂರು ಎಂಜಿನ್‌ಗಳು ಮಾತ್ರ ಹಿಡಿದಿದ್ದವು, ಹೆಸರುಗಳೆಲ್ಲ ಇಂಥದೇ ವೈರಸ್ ಎಂದು ಹೇಳದ Generic ಜಾತಿಯವು. ಪೆನ್‌ಡ್ರೈವ್‌ನದನ್ನು ಮೂವತ್ತಕ್ಕೂ ಹೆಚ್ಚು ಎಂಜಿನ್‌ಗಳು ಹಿಡಿದು, ಹಲವು ಒಂದೇ ಪಾಸ್‌ವರ್ಡ್ ಕಳ್ಳನ ಹೆಸರು ಹೇಳಿದ್ದವು. ನಾನು ಬೈದುಕೊಂಡಿದ್ದ ಆ್ಯಂಟಿವೈರಸ್ ಸರಿಯಾದ ಕೆಲಸವನ್ನೇ ಮಾಡಿತ್ತು.

ಇದಕ್ಕೂ ಮಿತಿಯಿದೆ. ಫೈಲ್ ತೀರಾ ಹೊಸದಾದರೆ ವೈರಸ್‌ಟೋಟಲ್‌ನಲ್ಲಿ ಏನೂ ಸಿಗುವುದಿಲ್ಲ. ಹಾಗಂತ ಅದು ಶುದ್ಧವೆಂದಲ್ಲ. 2017ರಲ್ಲಿ ಕಂಪ್ಯೂಟರಿನ ಕಸ ತೆಗೆಯುವ ಸಿಕ್ಲೀನರ್‌ ತಂತ್ರಾಂಶದ ಅಧಿಕೃತ ಸೆಟಪ್ಪಿಗೇ ಮಾಲ್‌ವೇರ್ ಸೇರಿತ್ತು, ಸರಿಯಾದ ಸಹಿಯೂ ಇತ್ತು. ಅವಸರವಿಲ್ಲದಿದ್ದರೆ ನಾಲ್ಕು ದಿನ ಬಿಟ್ಟು ಮತ್ತೆ ನೋಡುತ್ತೇನೆ.

ಕೊನೆಗೆ ಅರ್ಧಂಬರ್ಧ ಕೂತಿದ್ದನ್ನು ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ, ಮೂಲ ಪುಟದ್ದನ್ನೇ ಹಾಕಿದೆ. ಅದರ .dll ಕೂಡ ಸಿಕ್ಕಿಬಿತ್ತು. ಅದೊಂದಕ್ಕೆ ಮಾತ್ರ ವಿನಾಯಿತಿ ಕೊಟ್ಟೆ. ಇಡೀ Temp ಫೋಲ್ಡರಿಗೆ ಕೊಡುವುದೆಂದರೆ ಬಾಗಿಲು ತೆಗೆದಿಟ್ಟು ಮಲಗಿದಂತೆ. ತಪ್ಪು ಪತ್ತೆ ಎಂದು ಕಂಪನಿಗೆ ಫೈಲ್ ಕಳಿಸಿದ್ದೆ, ಒಂದು ವಾರದೊಳಗೆ ಸರಿಪಡಿಸಿದರು.

ಐದಕ್ಕೆ ನಾಲ್ಕು ನಕ್ಷತ್ರ. ಒಂದು ಕಡಿತ, "ಅಪಾಯ ನಿವಾರಿಸಲಾಗಿದೆ" ಎಂದಷ್ಟೇ ಹೇಳಿ ಫೈಲಿನ ಹೆಸರು, ಜಾಗವನ್ನು ಮೂರು ಮೆನು ಒಳಗೆ ಬಚ್ಚಿಟ್ಟಿದ್ದಕ್ಕೆ.