ಪ್ಯಾಂಟೊಪ್ರಜೋಲ್: ವರ್ಷಗಟ್ಟಲೆ ತಗೊಂಡು, ನಿಲ್ಲಿಸಿದ ಮೇಲೆ ಬರೆದ ವಿಮರ್ಶೆ

ಸಣ್ಣ ಕರುಳಿನ ಶುರುವಿನಲ್ಲಿ ಹುಣ್ಣಾಗಿ, ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ ಮಾತ್ರೆಯನ್ನು ಹಲವು ವರ್ಷ ತಗೊಂಡವನು ನಾನು. ಮಾತ್ರೆಯ ಕೆಲಸದ ಬಗ್ಗೆ ನನ್ನ ದೂರೇನೂ ಇಲ್ಲ. ನೋವು ಹೋಯಿತು, ರಾತ್ರಿ ನಿದ್ದೆ ಬಂತು. ಆದರೆ ಇದನ್ನು ನಿಲ್ಲಿಸಿದಾಗ ಏನಾಗುತ್ತದೆ ಅಂತ ಮೊದಲೇ ತಿಳಿಸುವವರು ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಗೊಳ್ಳುವ ಹೊತ್ತಿನ ಬಗ್ಗೆ. ಹೊಟ್ಟೆಯ ಒಳಗೋಡೆಯಲ್ಲಿ ಆಮ್ಲವನ್ನು ಹೊರಹಾಕುವ ಸಣ್ಣ ಪಂಪ್‌ಗಳಿವೆ. ಈ ಔಷಧಿ ಕೆಲಸ ಮಾಡುತ್ತಿರುವ ಪಂಪ್‌ಗಳನ್ನು ಮಾತ್ರ ಹಿಡಿದು ನಿಲ್ಲಿಸುತ್ತದೆ. ಅವನ್ನು ಎಬ್ಬಿಸುವುದು ಊಟ. ಔಷಧಿ ರಕ್ತದಲ್ಲಿ ಉಳಿಯುವುದು ಕೆಲವೇ ಗಂಟೆ. ಹಾಗಾಗಿ ಊಟಕ್ಕೆ 30ರಿಂದ 60 ನಿಮಿಷ ಮೊದಲು ನುಂಗಿದರೆ ಎರಡೂ ಒಂದೇ ಹೊತ್ತಿಗೆ ಕೂಡಿಬರುತ್ತವೆ. ಮಲಗುವ ಮುಂಚೆ ಖಾಲಿ ಹೊಟ್ಟೆಗೆ ತಗೊಂಡು ‘ಇದು ಕೆಲಸ ಮಾಡಲ್ಲ’ ಅನ್ನುವವರು ತುಂಬಾ ಜನ ಇದ್ದಾರೆ. ಪೂರ್ತಿ ಪರಿಣಾಮ ಕಾಣಲು ಕೆಲವು ದಿನ ಬೇಕು. ಉರಿ ಬಂದ ಕ್ಷಣಕ್ಕೆ ಬೇಕಾದದ್ದು ಆಂಟಾಸಿಡ್, ಇದಲ್ಲ.

ನನ್ನ ಹುಣ್ಣು ಒಣಗುತ್ತಿತ್ತು, ಮಾತ್ರೆ ಬಿಟ್ಟರೆ ಮರಳುತ್ತಿತ್ತು. ಹುಣ್ಣು ತರಬಲ್ಲ ನೋವಿನ ಮಾತ್ರೆಗಳ ಅಭ್ಯಾಸ ನನಗಿರಲಿಲ್ಲ. ಹಾಗಿದ್ದರೆ ಹುಣ್ಣಿಗೆ ಕಾರಣವಾಗುವ ಎಚ್. ಪೈಲೋರಿ ಬ್ಯಾಕ್ಟೀರಿಯಾ ಇರಬಹುದು ಎಂದು ಹೊಸ ವೈದ್ಯರು ಉಸಿರು ಪರೀಕ್ಷೆ ಬರೆದರು. ಗುರುತು ಹಾಕಿದ ಕಾರ್ಬನ್ ಇರುವ ಯೂರಿಯಾ ಕುಡಿಸುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಅದನ್ನು ಒಡೆಯುತ್ತದೆ, ಆ ಗುರುತು ಉಸಿರಿನಲ್ಲಿ ಸಿಗುತ್ತದೆ. ಪ್ಯಾಂಟೊಪ್ರಜೋಲ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಅಡಗಿಸುತ್ತದೆ ಅಷ್ಟೆ. ಅದನ್ನು ತಗೊಳ್ಳುತ್ತಲೇ ಪರೀಕ್ಷೆ ಮಾಡಿಸಿದರೆ ಸೋಂಕಿದ್ದೂ ‘ಇಲ್ಲ’ ಎಂದು ಬರಬಹುದು. ಅದಕ್ಕೆ 2 ವಾರ ನಿಲ್ಲಿಸಬೇಕು.

ಆ 2 ವಾರ ನಿಜಕ್ಕೂ ಕಷ್ಟ. ಆಮ್ಲ ಕಡಿಮೆಯಾದಾಗ ದೇಹ ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ಮಾತ್ರೆ ನಿಂತ ಮೇಲೆ ಪಂಪ್‌ಗಳು ಬಿಡುಗಡೆಯಾಗುತ್ತವೆ, ಆದರೆ ‘ಇನ್ನಷ್ಟು ಆಮ್ಲ ಬೇಕು’ ಎನ್ನುವ ಒತ್ತಡ ತಕ್ಷಣ ಇಳಿಯುವುದಿಲ್ಲ. ಮೊದಲಿಗಿಂತ ಹೆಚ್ಚು ಆಮ್ಲ ಸುರಿಯುತ್ತದೆ. ಡೆನ್ಮಾರ್ಕ್‌ನ 2009ರ ಅಧ್ಯಯನವೊಂದರಲ್ಲಿ ಹೊಟ್ಟೆಯ ತೊಂದರೆಯೇ ಇಲ್ಲದವರಿಗೆ ಇದೇ ಗುಂಪಿನ ಔಷಧಿಯನ್ನು 8 ವಾರ ಕೊಟ್ಟು ನಿಲ್ಲಿಸಿದರು. ಅವರಲ್ಲೂ ಹಲವರಿಗೆ ಎದೆಯುರಿ, ಹುಳಿತೇಗು ಶುರುವಾಯಿತು. ಅಂದರೆ ಮಾತ್ರೆ ಬಿಟ್ಟ ಕೂಡಲೇ ಉರಿ ಬಂತು ಎನ್ನುವುದೊಂದೇ, ಕಾಯಿಲೆ ಮರಳಿದೆ ಎನ್ನಲು ಸಾಕ್ಷಿಯಲ್ಲ, ಅಲ್ವಾ? ನನಗೆ ಮೊದಲ ವಾರದಲ್ಲೇ ಶುರುವಾಗಿ ಆಮೇಲೆ ನಿಧಾನಕ್ಕೆ ಇಳಿಯಿತು. ಉರಿ ವಾರದಿಂದ ವಾರಕ್ಕೆ ಏರುತ್ತಾ ಹೋದರೆ, ನುಂಗಲು ಕಷ್ಟವಾದರೆ, ವಾಂತಿಯಲ್ಲಿ ರಕ್ತ ಬಂದರೆ, ಮಲ ಟಾರಿನಂತೆ ಕಪ್ಪಾದರೆ ಅದು ಬೇರೆ ಮಾತು. ತಕ್ಷಣ ತೋರಿಸಬೇಕು.

ಆ ದಿನಗಳನ್ನು ದಾಟಿಸಿದ್ದು ಫ್ಯಾಮೊಟಿಡಿನ್ ಮತ್ತು ಆಂಟಾಸಿಡ್ ದ್ರವ. ಫ್ಯಾಮೊಟಿಡಿನ್, ಆಮ್ಲ ಸುರಿಸಲು ಹೇಳುವ ಹಿಸ್ಟಮಿನ್ ಸಂದೇಶವನ್ನು ತಡೆಯುತ್ತದೆ. ರಾತ್ರಿಯ ಆಮ್ಲಕ್ಕೆ ಒಳ್ಳೆಯದು. ದಿನವೂ ತಗೊಂಡರೆ ವಾರ ಎರಡು ವಾರದಲ್ಲಿ ದೇಹ ಒಗ್ಗಿಕೊಂಡು ಅದರ ಬಲ ಕುಗ್ಗುತ್ತದೆ, ಸೇತುವೆಯಂತೆ ಬಳಸಲು ಮಾತ್ರ ಸರಿ. ಪರೀಕ್ಷೆಗೆ ಒಂದೆರಡು ದಿನ ಮುಂಚೆ ಅದನ್ನೂ ಬಿಡಲು ಹೇಳಿದರು.

ಸೋಂಕು ಇತ್ತು. 14 ದಿನದ ಕೋರ್ಸ್: ಪ್ಯಾಂಟೊಪ್ರಜೋಲ್ ದಿನಕ್ಕೆರಡು ಸಲ, ಜೊತೆಗೆ ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್. ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್‌ಗೆ ಬಗ್ಗದ ತಳಿಗಳು ಹೆಚ್ಚಾಗಿರುವುದರಿಂದ ಇದನ್ನು ಆರಿಸಿದೆವು ಎಂದರು. ಬಾಯಲ್ಲಿ ಲೋಹದ ರುಚಿ, ಹಸಿವಿಲ್ಲ, ವಾಕರಿಕೆ. ಬಿಸ್ಮತ್‌ನಿಂದ ಮಲ ಕಪ್ಪಾಗುತ್ತದೆ, ಇದು ಮೊದಲೇ ಗೊತ್ತಿದ್ದರೆ ಗಾಬರಿಯಿಲ್ಲ. ಮದ್ಯ ಪೂರ್ತಿ ಬಂದ್. ಹಾಲು, ಆಂಟಾಸಿಡ್ ಎರಡನ್ನೂ ಟೆಟ್ರಾಸೈಕ್ಲಿನ್‌ನಿಂದ ದೂರ ಇಟ್ಟೆ, ಏಕೆಂದರೆ ಅವು ಅದನ್ನು ಹಿಡಿದುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಅರ್ಧಕ್ಕೆ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಮುಂದಿನ ಸಲ ಇನ್ನೂ ಗಟ್ಟಿ. ಹಾಗಾಗಿ ವಾಕರಿಕೆಯಿದ್ದರೂ ಮುಗಿಸಿದೆ.

ಕೋರ್ಸ್ ಮುಗಿದು ಕನಿಷ್ಠ 4 ವಾರದ ಮೇಲೆ ಮತ್ತೆ ಉಸಿರು ಪರೀಕ್ಷೆ, ಮತ್ತೆ ಅದೇ 2 ವಾರದ ಬಿಡುವು. ನೋವು ಹೋಯಿತೆಂದು ಈ ಪರೀಕ್ಷೆ ಬಿಡುವವರಿದ್ದಾರೆ. ನೋವಿಲ್ಲದಿದ್ದರೂ ಸೋಂಕು ಉಳಿದಿರಬಹುದು. ನನ್ನದು ಸ್ವಚ್ಛ ಎಂದು ಬಂತು. ಈಗ ಪ್ಯಾಂಟೊಪ್ರಜೋಲ್ ಇಲ್ಲ, ಅಪರೂಪಕ್ಕೆ ಆಂಟಾಸಿಡ್ ಮಾತ್ರ.

ಇದನ್ನು ಓದಿ ಯಾರೂ ಸುಮ್ನೆ ಮಾತ್ರೆ ಬಿಡಬೇಡಿ. ರಕ್ತಸ್ರಾವದ ಇತಿಹಾಸವಿದ್ದು ಆಸ್ಪಿರಿನ್ ತಗೊಳ್ಳುವವರಿಗೆ, ಅನ್ನನಾಳದ ತೀವ್ರ ಹುಣ್ಣು ಇದ್ದವರಿಗೆ ಇದು ವರ್ಷಗಟ್ಟಲೆ ಬೇಕಾದ ಔಷಧಿಯೇ. ಅಂಥವರು ಬಿ12 ಮತ್ತು ಮೆಗ್ನೀಸಿಯಂ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ.